ಕಾಸ್ಟ್ ಸೆಂಟರ್, ಕಾಸ್ಟ್ ಯೂನಿಟ್, ಕಾಸ್ಟ್ ಡ್ರೈವರ್: ನಮ್ಮ ಬೀದಿ ಬೇಕರಿಯಲ್ಲಿ ಯಾವುದು ಯಾವುದು?

ಐದನೇ_ಸೆಮ್

ಎಲ್ಲರಿಗೂ ನಮಸ್ಕಾರ. ಬಿಕಾಂ ಓದುತ್ತಿದ್ದೇನೆ, ಮನೆ ಹನುಮಂತನಗರ. ಕಾಸ್ಟಿಂಗ್ ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಹತ್ತಿರದ ಯಾವುದಾದರೂ ಸಣ್ಣ ವ್ಯಾಪಾರ ನೋಡಿ, ಅದರಲ್ಲಿ ಕಾಸ್ಟ್ ಸೆಂಟರ್, ಕಾಸ್ಟ್ ಯೂನಿಟ್, ಕಾಸ್ಟ್ ಡ್ರೈವರ್ ಗುರುತಿಸಬೇಕು. ನಾನು ನಮ್ಮ ರಸ್ತೆಯ ಬೇಕರಿ ಆರಿಸಿಕೊಂಡೆ. ಓನರ್ ಅಂಕಲ್ ಒಳ್ಳೆಯವರು, ಒಳಗೆ ಕರೆದು ಎಲ್ಲಾ ತೋರಿಸಿದರು. ಖರ್ಚಿನ ಪುಸ್ತಕವನ್ನೂ ಕೊಟ್ಟರು.

ಸೆಂಟರ್ ಅಂದರೆ ಓವನ್ ಇರುವ ಕೋಣೆ. ಯೂನಿಟ್ ಅಂದರೆ ಒಂದು ಕೆಜಿ ಮಾಲು. ಇಲ್ಲಿಯವರೆಗೆ ತೊಂದರೆ ಇಲ್ಲ. ಡ್ರೈವರ್ ವಿಷಯಕ್ಕೆ ಬಂದಾಗ ನನಗೂ ಫ್ರೆಂಡ್‌ಗೂ ಜಗಳ. "ಅದೂ ಕೆಜಿನೇ ಕಣೇ, ಜಾಸ್ತಿ ಕೆಜಿ ಬೇಯಿಸಿದರೆ ಜಾಸ್ತಿ ಖರ್ಚು" ಅನ್ನುತ್ತಾಳೆ. ಹಾಗಿದ್ದರೆ ಒಂದೇ ವಸ್ತುವಿಗೆ ಎರಡು ಹೆಸರು ಯಾಕೆ? ಯಾರಾದರೂ ಬಿಡಿಸಿ ಹೇಳಿ.

ಕಾಫಿಪುಡಿ

ಯಾವ ಬೇಕರಿ ಅದು? ಹನುಮಂತನಗರದಲ್ಲಿ ಖಾರಾ ಬನ್ ಚೆನ್ನಾಗಿ ಮಾಡುವವರು ಇನ್ನೂ ಇದ್ದಾರಾ?

ಗಾಂಧಿಬಜಾರ್_ಗುರು

ತುಂಬಾ ಸುಲಭ. ಖರ್ಚು ಎಲ್ಲಿ ಆಗುತ್ತದೋ ಅದು ಸೆಂಟರ್. ಏನನ್ನು ಮಾರುತ್ತೀರೋ ಅದು ಯೂನಿಟ್. ಯಾವುದರ ಮೇಲೆ ಖರ್ಚು ಹಂಚುತ್ತೀರೋ ಅದು ಡ್ರೈವರ್. ಬಾಡಿಗೆಯನ್ನು ಚದರಡಿ ಮೇಲೆ ಹಂಚಿದರೆ ಚದರಡಿಯೇ ಡ್ರೈವರ್. ಓವನ್ ಖರ್ಚನ್ನು ಕೆಜಿ ಮೇಲೆ ಹಂಚಿದರೆ ಕೆಜಿಯೇ ಡ್ರೈವರ್. ನಿಮ್ಮ ಫ್ರೆಂಡ್ ಹೇಳಿದ್ದು ಸರಿ. ನಾನೂ ಹೀಗೇ ಬರೆದು ಪಾಸಾದವನು.

ಲೆಕ್ಕದಮ್ಮ

ಗುರು ಅವರೇ, ಮೊದಲ ಎರಡು ಸರಿ. ಮೂರನೆಯದು ಅರ್ಧ ಸರಿ. ಹಂಚುವುದಕ್ಕೆ ಯಾವುದನ್ನು ಬೇಕಾದರೂ ಹಿಡಿದುಕೊಳ್ಳಬಹುದು. ಪೀಸ್ ಎಣಿಸಿಯೂ ಹಂಚಬಹುದು, ಮಾರಿದ ಬೆಲೆ ನೋಡಿಯೂ ಹಂಚಬಹುದು. ಹಾಗೆ ಹಂಚಿದ ಮಾತ್ರಕ್ಕೆ ಅದು ಡ್ರೈವರ್ ಆಗುವುದಿಲ್ಲ. ಅದು ಹೆಚ್ಚಾದಾಗ ಖರ್ಚೂ ಹೆಚ್ಚಾಗಬೇಕು, ಕಡಿಮೆಯಾದಾಗ ಖರ್ಚೂ ಇಳಿಯಬೇಕು. ಓವನ್ ವಿಷಯದಲ್ಲಿ ಕೆಜಿ ಹಾಗೆ ಮಾಡುತ್ತದಾ ಅನ್ನುವುದೇ ಪ್ರಶ್ನೆ.

ಐದನೇ ಸೆಮ್, ನಿಮ್ಮ ಹತ್ತಿರ ಪುಸ್ತಕ ಇದೆ ಅಂದಿರಲ್ಲ. ಮೂರು ವಿಷಯ ಕೊಡಿ. ಓವನ್ ಕೋಣೆಗೆ ತಿಂಗಳಿಗೆ ಒಟ್ಟು ಎಷ್ಟು ಖರ್ಚು? ಯಾವ ಮಾಲು ಒಂದು ಸಲಕ್ಕೆ ಎಷ್ಟು ಹಿಡಿಸುತ್ತದೆ? ಒಂದು ಸಲ ಒಳಗೆ ಹೋದರೆ ಎಷ್ಟು ನಿಮಿಷ? ಸುಮ್ನೆ ಅಂದಾಜು ಬೇಡ, ಅಂಕಲ್‌ನ ಕೇಳಿ ಬನ್ನಿ.

ದೋಸೆಹಿಟ್ಟು_ವಿಜಯನಗರ

ನಾನು ಬೇಕರಿಯವನಲ್ಲ, ರುಬ್ಬಿದ ಹಿಟ್ಟು ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕುತ್ತೇನೆ. ಆದರೂ ಹೇಳುತ್ತೇನೆ. ಮೊದಲು ಬರೀ ಇಡ್ಲಿ, ದೋಸೆ ಹಿಟ್ಟು ಇತ್ತು. ಆಮೇಲೆ ರಾಗಿ ಹಿಟ್ಟು ಕೇಳಿದರು ಅಂತ ದಿನಕ್ಕೆ ಹತ್ತು ಕೆಜಿ ಶುರು ಮಾಡಿದೆ. ಒಟ್ಟು ತೂಕದಲ್ಲಿ ಅದೊಂದು ಲೆಕ್ಕವೇ ಅಲ್ಲ. ಆದರೆ ರಾಗಿ ರುಬ್ಬಿದ ಮೇಲೆ ಗ್ರೈಂಡರ್‌ನ ಕಲ್ಲು ಎತ್ತಿ, ಡ್ರಮ್ ಉಜ್ಜಿ, ನೀರು ಸುರಿದು ಪೂರ್ತಿ ತೊಳೆಯಬೇಕು. ಇಲ್ಲದಿದ್ದರೆ ಮುಂದಿನ ಇಡ್ಲಿ ಹಿಟ್ಟು ಕಂದು ಬಣ್ಣ. ಹುಡುಗನ ಅರ್ಧ ಗಂಟೆ ಅಲ್ಲಿಗೇ ಹೋಗುತ್ತದೆ, ಟ್ಯಾಂಕರ್ ನೀರು ಬೇರೆ. ಹತ್ತು ಕೆಜಿ ರುಬ್ಬಿದರೂ ಅಷ್ಟೇ, ಐವತ್ತು ರುಬ್ಬಿದರೂ ಅಷ್ಟೇ. ಇದಕ್ಕೆ ಡ್ರೈವರ್ ಏನು?

ಲೆಕ್ಕದಮ್ಮ

ಎಷ್ಟು ಸಲ ತೊಳೆದಿರಿ ಅನ್ನುವುದೇ ನಿಮ್ಮ ಡ್ರೈವರ್ ಅಣ್ಣ. ನಿಮ್ಮ ಯೂನಿಟ್ ಪ್ಯಾಕೆಟ್ಟೇ ಇರಲಿ, ಅದು ಬದಲಾಗುವುದಿಲ್ಲ. ಆದರೆ ತೊಳೆಯುವ ಖರ್ಚು ಪ್ಯಾಕೆಟ್ ಎಣಿಸಿಕೊಂಡು ಏರುವುದಿಲ್ಲ. ಅದನ್ನು ಎಲ್ಲಾ ಪ್ಯಾಕೆಟ್‌ಗೂ ಸಮ ಹಂಚಿದರೆ ರಾಗಿ ಹಿಟ್ಟಿನ ಖರ್ಚನ್ನು ಇಡ್ಲಿ ಹಿಟ್ಟು ಹೊರುತ್ತದೆ.

ದೋಸೆಹಿಟ್ಟು_ವಿಜಯನಗರ

ಅದೇ ಅನುಮಾನ ಇತ್ತು ನನಗೆ. ಈಗ ರಾಗಿಯನ್ನು ದಿನದ ಕೊನೆಗೆ ಇಟ್ಟುಕೊಂಡಿದ್ದೇನೆ. ಹೇಗೂ ಆಗ ತೊಳೆಯಲೇಬೇಕು.

ಐದನೇ_ಸೆಮ್

ಕೇಳಿ ಬಂದೆ ಮೇಡಂ. ಲೆಕ್ಕ ಸುಲಭವಾಗಲಿ ಅಂತ ಮೂರು ಮಾಲು ಮಾತ್ರ ತೆಗೆದುಕೊಂಡಿದ್ದೇನೆ, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಓವನ್ ಕೋಣೆಗೆ ತಿಂಗಳಿಗೆ 72,000 ರೂಪಾಯಿ. ಅದರಲ್ಲಿ ಗ್ಯಾಸ್ 36,000, ಓವನ್ ಅಣ್ಣನ ಸಂಬಳ 24,000, ರಿಪೇರಿ ಮತ್ತು ಓವನ್ ಸವಕಳಿ 12,000. ಅಂದರೆ ದಿನಕ್ಕೆ 2,400.

ಬ್ರೆಡ್: ಒಂದು ಸಲಕ್ಕೆ 400 ಗ್ರಾಂನ 60 ಬ್ರೆಡ್, 40 ನಿಮಿಷ, ದಿನಕ್ಕೆ 5 ಸಲ.
ಖಾರಾ ಬಿಸ್ಕತ್ತು: ಒಂದು ಸಲಕ್ಕೆ 8 ಕೆಜಿ, 25 ನಿಮಿಷ, ದಿನಕ್ಕೆ 8 ಸಲ.
ಕೇಕ್: ಒಂದು ಸಲಕ್ಕೆ 8 ಕೆಜಿ, 40 ನಿಮಿಷ, ದಿನಕ್ಕೆ 2 ಸಲ.

ಟ್ರೇ ಒಳಗಿಡುವ, ಹೊರತೆಗೆಯುವ ಸಮಯ ಇದರಲ್ಲೇ ಸೇರಿದೆ. ಬೆಳಗ್ಗೆ ಓವನ್ ಕಾಯಿಸುವ ಮುಕ್ಕಾಲು ಗಂಟೆ ಸೇರಿಲ್ಲ.

ಲೆಕ್ಕದಮ್ಮ

ಭೇಷ್. ಇಷ್ಟಿದ್ದರೆ ಸಾಕು.

ಮೊದಲು ನಿಮ್ಮ ಫ್ರೆಂಡ್ ದಾರಿಯಲ್ಲೇ ಹೋಗೋಣ. ದಿನಕ್ಕೆ ಬ್ರೆಡ್ 120 ಕೆಜಿ, ಬಿಸ್ಕತ್ತು 64, ಕೇಕ್ 16. ಒಟ್ಟು 200 ಕೆಜಿ. 2,400 ರೂಪಾಯಿಯನ್ನು 200ರಿಂದ ಭಾಗಿಸಿದರೆ ಕೆಜಿಗೆ 12 ರೂಪಾಯಿ ಓವನ್ ಖರ್ಚು. 400 ಗ್ರಾಂ ಬ್ರೆಡ್‌ಗೆ 4.80. ಬಿಸ್ಕತ್ತಿಗೂ ಕೇಕ್‌ಗೂ ಕೆಜಿಗೆ 12.

ಈಗ ಓವನ್ ಮುಂದೆ ನಿಂತು ನೋಡಿ. ಬ್ರೆಡ್ ಟಿನ್ನುಗಳನ್ನು ಒತ್ತೊತ್ತಾಗಿ ಜೋಡಿಸುತ್ತಾರೆ. ಒಂದು ಸಲಕ್ಕೆ 24 ಕೆಜಿ ಹೋಗುತ್ತದೆ. ಬಿಸ್ಕತ್ತನ್ನು ಟ್ರೇ ಮೇಲೆ ಒಂದಕ್ಕೊಂದು ತಾಗದಂತೆ ಹರಡಬೇಕು. ಅದೇ ಓವನ್ ತುಂಬಿದರೂ 8 ಕೆಜಿ ಅಷ್ಟೇ. ಓವನ್‌ಗೆ ತೂಕ ಗೊತ್ತಾಗುವುದಿಲ್ಲ. ಎಷ್ಟು ಹೊತ್ತು ಉರಿದೆ ಅನ್ನುವುದು ಗೊತ್ತಾಗುತ್ತದೆ. ಓವನ್ ಅಣ್ಣನಿಗೂ ಅಷ್ಟೇ, ಅವನು ದುಡಿಯುವುದು ಗಂಟೆ ಲೆಕ್ಕದಲ್ಲಿ.

ಹಾಗಾಗಿ ನಿಮಿಷ ಹಿಡಿಯೋಣ. ಬ್ರೆಡ್ 200 ನಿಮಿಷ, ಬಿಸ್ಕತ್ತು 200, ಕೇಕ್ 80. ಒಟ್ಟು 480. ನಿಮಿಷಕ್ಕೆ 5 ರೂಪಾಯಿ. ಬ್ರೆಡ್ ಒಂದು ಸಲಕ್ಕೆ 200 ರೂಪಾಯಿ, ಅದನ್ನು 60 ಬ್ರೆಡ್‌ಗೆ ಹಂಚಿದರೆ ಒಂದಕ್ಕೆ 3.33. ಬಿಸ್ಕತ್ತು ಒಂದು ಸಲಕ್ಕೆ 125, ಕೆಜಿಗೆ 15.63. ಕೇಕ್ ಒಂದು ಸಲಕ್ಕೆ 200, ಕೆಜಿಗೆ 25.

ನೋಡಿ, ಖರ್ಚು ಅದೇ 2,400. ಸೆಂಟರ್ ಅದೇ ಓವನ್ ಕೋಣೆ. ಯೂನಿಟ್ ಕೂಡ ಬದಲಾಗಿಲ್ಲ. ಡ್ರೈವರ್ ಒಂದನ್ನು ಬದಲಿಸಿದ ಕೂಡಲೇ ಕೇಕ್‌ನ ಓವನ್ ಖರ್ಚು ಎರಡು ಪಟ್ಟಿಗಿಂತ ಜಾಸ್ತಿ ಆಯಿತು, ಬ್ರೆಡ್ ಒಂದೂವರೆ ರೂಪಾಯಿ ಹತ್ತಿರ ಇಳಿಯಿತು. ಅದಕ್ಕೇ ಎರಡು ಹೆಸರು ಬೇಕಾಗಿರುವುದು.

ಇನ್ನೊಂದು ಮಾತು. ನೀವು ಯೂನಿಟ್‌ಗೆ ಎಲ್ಲಾ ಕಡೆ "ಒಂದು ಕೆಜಿ" ಅಂತ ಬರೆದಿದ್ದೀರಿ. ಬ್ರೆಡ್‌ಗೆ ಒಂದು ಬ್ರೆಡ್ ಅಂತಲೇ ಬರೆಯಿರಿ. ಗಿರಾಕಿ ಬ್ರೆಡ್ಡನ್ನು ತೂಗಿಸಿಕೊಂಡು ಹೋಗುವುದಿಲ್ಲ ಅಲ್ವಾ? ಒಂದೇ ಬೇಕರಿಯಲ್ಲಿ ಮಾಲಿಗೆ ತಕ್ಕಂತೆ ಬೇರೆ ಬೇರೆ ಯೂನಿಟ್ ಇರಬಹುದು.

ಗಾಂಧಿಬಜಾರ್_ಗುರು

ಮೇಡಂ, ನಿಮಿಷ ಹಿಡಿದರೂ ನೀವು ಮಾಡಿದ್ದು ಹಂಚಿಕೆಯೇ ಅಲ್ವಾ? ನಾನು ಹೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಲೆಕ್ಕದಮ್ಮ

ಹಂಚಿಕೆಯೇ. ಆದರೆ ನಿಮಿಷ ಸರಿಯಾ ತಪ್ಪಾ ಅಂತ ಪರೀಕ್ಷೆ ಮಾಡಿ ನೋಡಬಹುದು. ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದು, ಓವನ್ ಉರಿದ ಹೊತ್ತು ಮಾತ್ರ ಜಾಸ್ತಿಯಾದ ಒಂದು ವಾರ ಹುಡುಕಿ. ಆ ವಾರ ಸಿಲಿಂಡರ್ ಬೇಗ ಖಾಲಿಯಾಗಿದ್ದರೆ ತೂಕ ಡ್ರೈವರ್ ಅಲ್ಲ ಅಂತಾಯಿತು.

ಭಟ್ಟಿಮನೆ

ಆ ವಾರ ಹುಡುಕುವುದೇ ಬೇಡ, ನಾನು ಹೇಳುತ್ತೇನೆ. ಡಿಸೆಂಬರ್ ಕೊನೆಯ ವಾರ. ನಮ್ಮದೂ ಬೇಕರಿಯೇ, ತಂದೆಯ ಕಾಲದ್ದು, ರಾಜಾಜಿನಗರ. ಆ ವಾರ ಪ್ಲಮ್ ಕೇಕ್ ಆರ್ಡರ್ ಜಾಸ್ತಿ, ಬ್ರೆಡ್ ಕಡಿಮೆ ಹಾಕುತ್ತೇವೆ. ಮೈದಾ ಮೂಟೆ ಲೆಕ್ಕ ನೋಡಿದರೆ ಹೆಚ್ಚೇನೂ ಖರ್ಚಾಗಿರುವುದಿಲ್ಲ. ಆದರೆ ಪ್ಲಮ್ ಕೇಕ್ ನಿಧಾನ ಉರಿಯಲ್ಲಿ ಗಂಟೆಗಟ್ಟಲೆ ಕೂರುತ್ತದೆ. ಸಿಲಿಂಡರ್‌ನವನಿಗೆ ಎರಡು ಸಲ ಜಾಸ್ತಿ ಫೋನ್ ಮಾಡಬೇಕಾಗುತ್ತದೆ.

ಐದನೇ_ಸೆಮ್

ಅಯ್ಯೋ, ಓನರ್ ಅಂಕಲ್‌ಗೆ ಈ ಲೆಕ್ಕ ತೋರಿಸಿದೆ. "ಬ್ರೆಡ್‌ನಲ್ಲಿ ಏನೂ ಉಳಿಯುವುದಿಲ್ಲ, ಗಿರಾಕಿ ಬರಲಿ ಅಂತ ಇಟ್ಟಿದ್ದೇನೆ" ಅಂತ ಇಷ್ಟು ದಿನ ಹೇಳುತ್ತಿದ್ದರು. ಈಗ "ಹಾಗಾದರೆ ಕೇಕ್ ನಿಲ್ಲಿಸಿಬಿಡಲಾ? ದಿನಕ್ಕೆ 400 ರೂಪಾಯಿ ಉಳಿಯುತ್ತದೆ" ಅನ್ನುತ್ತಿದ್ದಾರೆ!

ಲೆಕ್ಕದಮ್ಮ

ತಡೆಯಿರಿ, ತಡೆಯಿರಿ. ಅವರಿಗೆ ಈಗಲೇ ಹೋಗಿ ಹೇಳಿ. ಕೇಕ್ ನಿಲ್ಲಿಸಿದರೆ 400 ಉಳಿಯುವುದಿಲ್ಲ. ನಿಮಿಷಕ್ಕೆ 5 ರೂಪಾಯಿ ಅಂದೆವಲ್ಲ, ಅದರಲ್ಲಿ ಗ್ಯಾಸ್ ಅರ್ಧ, ಎರಡೂವರೆ ರೂಪಾಯಿ. ಕೇಕ್‌ನ 80 ನಿಮಿಷ ಓವನ್ ಪೂರ್ತಿ ಆರಿಸಿದರೆ ಉಳಿಯುವುದು 200. ಬ್ರೆಡ್ ಸರದಿಗೆ ಕಾಯುತ್ತಾ ಓವನ್ ಬಿಸಿಯಾಗಿಯೇ ಇಟ್ಟರೆ ಅದೂ ಉಳಿಯುವುದಿಲ್ಲ. ಓವನ್ ಅಣ್ಣನ ಸಂಬಳ ತಿಂಗಳ ಸಂಬಳ. 80 ನಿಮಿಷ ಕೆಲಸ ಇಲ್ಲ ಅಂತ ಅವನ ಸಂಬಳ ಕತ್ತರಿಸುತ್ತಾರಾ? ಓವನ್ ಸವಕಳಿಯೂ ಹಾಗೆಯೇ.

ಈ ಲೆಕ್ಕದಿಂದ ಗೊತ್ತಾಗುವುದು, ಯಾವ ಮಾಲು ಓವನ್‌ನ ಎಷ್ಟು ಪಾಲು ಬಳಸಿಕೊಳ್ಳುತ್ತಿದೆ ಅಂತ. ಕೇಕ್‌ಗೆ ರೇಟು ಹೇಳುವಾಗ ಕೆಜಿಗೆ 12 ಬದಲು 25 ಹಿಡಿಯಬೇಕು, ಅಷ್ಟೇ. ಒಂದು ಮಾಲು ನಿಲ್ಲಿಸುವುದಾ ಬೇಡವಾ ಅನ್ನುವುದಕ್ಕೆ ನಿಜವಾಗಿ ಕೈಯಿಂದ ಹೋಗದೆ ಉಳಿಯುವ ದುಡ್ಡು ಎಷ್ಟು ಅಂತ ಬೇರೆ ಲೆಕ್ಕ ಹಾಕಬೇಕು.

ಪೀಣ್ಯ_ಶಿಫ್ಟ್

ಇದನ್ನೇ ನಾನು ಹೇಳಬೇಕು ಅಂತಿದ್ದೆ. ಹಾಗಾದರೆ ಓವನ್ ಅಣ್ಣನ ಸಂಬಳಕ್ಕೆ ನಿಮಿಷ ಹೇಗೆ ಡ್ರೈವರ್ ಆಗುತ್ತದೆ? ನಿಮಿಷ ಕಡಿಮೆ ಆದರೂ ಸಂಬಳ ಇಳಿಯುವುದಿಲ್ಲ ಅಂತ ನೀವೇ ಹೇಳಿದಿರಿ. ನಿಮ್ಮ ಪರೀಕ್ಷೆಯಲ್ಲೇ ಅದು ಫೇಲ್ ಆಯಿತಲ್ಲ.

ಲೆಕ್ಕದಮ್ಮ

ಒಳ್ಳೆಯ ಏಟು. ಇಲ್ಲಿ ಪೂರ್ತಿ ಒಪ್ಪಿಗೆ ಯಾರಲ್ಲೂ ಇಲ್ಲ. ನಾನು ಹೀಗೆ ನೋಡುತ್ತೇನೆ: ಒಂದು ದಿನ ನಿಮಿಷ ಕಡಿಮೆಯಾದರೆ ಸಂಬಳ ಇಳಿಯುವುದಿಲ್ಲ, ನಿಜ. ಆದರೆ 480 ನಿಮಿಷ ದಾಟಿ ಕೆಲಸ ಬೆಳೆದರೆ ಇನ್ನೊಬ್ಬನನ್ನು ಇಡಬೇಕು. ಸಂಬಳ ನಿಮಿಷದ ಹಿಂದೆಯೇ ಹೋಗುತ್ತದೆ, ಆದರೆ ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತಿಕೊಂಡು.

ಹೀಗೆ ಕೆಲಸವನ್ನು ನಿಮಿಷಕ್ಕೆ ಇಳಿಸಿ ಲೆಕ್ಕ ಹಾಕುವ ಪದ್ಧತಿಯನ್ನು ರಾಬರ್ಟ್ ಕಪ್ಲಾನ್ ಮತ್ತು ಸ್ಟೀವನ್ ಆಂಡರ್ಸನ್ 2004ರಲ್ಲಿ ಮುಂದಿಟ್ಟರು. ಅವರ ಮಾತು ಏನೆಂದರೆ, ಆ ದಿನ ನಿಜವಾಗಿ ಬಳಸಿದ ನಿಮಿಷದಿಂದ ಭಾಗಿಸಬೇಡಿ, ಬಳಸಬಹುದಾಗಿದ್ದ ನಿಮಿಷದಿಂದ ಭಾಗಿಸಿ. ಕೇಕ್ ಇಲ್ಲದ ದಿನ 400 ನಿಮಿಷ ಮಾತ್ರ ಓವನ್ ನಡೆಯಿತು ಅನ್ನಿ. 400ರಿಂದ ಭಾಗಿಸಿದರೆ ಬ್ರೆಡ್‌ನ ಖರ್ಚು ಏರುತ್ತದೆ, ಬ್ರೆಡ್ ಏನು ತಪ್ಪು ಮಾಡಿತ್ತು? 480ರಿಂದಲೇ ಭಾಗಿಸಿ, ಉಳಿದ 80 ನಿಮಿಷದ ಸಂಬಳ, ಸವಕಳಿಯನ್ನು "ಖಾಲಿ ಹೊತ್ತು" ಅಂತ ಪಕ್ಕಕ್ಕೆ ಬರೆದಿಡಿ. ಓನರ್ ಅದನ್ನು ನೋಡಬೇಕು.

ಪೀಣ್ಯ_ಶಿಫ್ಟ್

ಖಾಲಿ ಹೊತ್ತು ಬರೆದಿಡುವುದು ಸರಿ. ಆದರೂ ಸಂಬಳಕ್ಕೆ ಡ್ರೈವರ್ ಅನ್ನುವುದಕ್ಕಿಂತ "ಒಪ್ಪಿಕೊಂಡ ಹಂಚಿಕೆ" ಅನ್ನುವುದು ಪ್ರಾಮಾಣಿಕ. ಗ್ಯಾಸ್‌ಗೆ ಮಾತ್ರ ಡ್ರೈವರ್ ಅನ್ನಿ. ಅದರಲ್ಲೂ ಬ್ರೆಡ್‌ಗೆ ಉರಿ ಜಾಸ್ತಿ ಬೇಕು, ಕೇಕ್‌ಗೆ ಕಡಿಮೆ. ಎರಡಕ್ಕೂ ಒಂದೇ ಎರಡೂವರೆ ರೂಪಾಯಿ ಹೇಗೆ?

ಲೆಕ್ಕದಮ್ಮ

ಆ ವ್ಯತ್ಯಾಸ ಹಿಡಿಯಬೇಕು ಅಂದರೆ ಪ್ರತಿ ಸಲಕ್ಕೂ ಗ್ಯಾಸ್ ಅಳೆಯಬೇಕು. ಬೀದಿ ಬೇಕರಿಗೆ ಅದು ಅತಿಯಾಯಿತು. ಅಳೆಯುವ ಖರ್ಚೇ ತಪ್ಪಿನ ಖರ್ಚನ್ನು ಮೀರಬಾರದು.

ಕಾಫಿಪುಡಿ

ನೀವೆಲ್ಲ ಒಂದು ಬ್ರೆಡ್‌ಗೆ ಒಂದೂವರೆ ರೂಪಾಯಿ ಅಂತ ಗುದ್ದಾಡುತ್ತಿದ್ದೀರಿ. ನಮ್ಮ ಬೀದಿಯಲ್ಲಿ ದಿಲ್‌ಪಸಂದ್ ಪೀಸ್ ಸಣ್ಣದಾಗಿದೆ, ರೇಟು ಮಾತ್ರ ಅದೇ. ಅದಕ್ಕೆ ಯಾವ ಡ್ರೈವರ್?

ಬೆಸ್ಕಾಂ_ಬಿಲ್

ಕೊಬ್ಬರಿ ರೇಟು.

ಅಂದಹಾಗೆ ಎಲ್ಲರೂ ಓವನ್ ಹಿಡಿದುಕೊಂಡಿದ್ದೀರಿ, ಮಿಕ್ಸರ್ ಕಡೆಯೂ ನೋಡಿ. ಅದರ ಕರೆಂಟ್ ಬಿಲ್ ಒಂದೇ ಕಾಗದ, ಆದರೆ ಒಳಗೆ ಎರಡು ಬಗೆಯ ಖರ್ಚು. ಉರಿಸಿದ ಯೂನಿಟ್ ಲೆಕ್ಕದಲ್ಲಿ ಬರುವುದು ಒಂದು. ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ ಹಾಕುವ ನಿಗದಿತ ಶುಲ್ಕ ಇನ್ನೊಂದು. ಮಿಕ್ಸರ್ ಒಂದು ತಿಂಗಳು ತಿರುಗದಿದ್ದರೂ ಎರಡನೆಯದು ಬಂದೇ ಬರುತ್ತದೆ. ಇಡೀ ಬಿಲ್ಲಿಗೆ "ಡ್ರೈವರ್: ಯೂನಿಟ್" ಅಂತ ಬರೆದರೆ ತಪ್ಪು. ಕರೆಂಟ್ ಯೂನಿಟ್ಟನ್ನು ಕಾಸ್ಟ್ ಯೂನಿಟ್ ಅಂದುಕೊಂಡು ಬರೆಯುವ ಹುಡುಗರನ್ನೂ ನೋಡಿದ್ದೇನೆ.

ಐದನೇ_ಸೆಮ್

ಕೊನೆಯದು ನನ್ನ ಫ್ರೆಂಡ್‌ಗೆ ಕಳಿಸುತ್ತೇನೆ, ಥ್ಯಾಂಕ್ಸ್ ಸರ್ 😄

ಒಂದು ಉಳಿದಿದೆ. ಬೆಳಗ್ಗೆ ಓವನ್ ಕಾಯಿಸುವ ಮುಕ್ಕಾಲು ಗಂಟೆಯ ಗ್ಯಾಸ್ ಯಾರ ತಲೆಗೆ? ಮೊದಲು ಒಳಗೆ ಹೋಗುವುದು ಬ್ರೆಡ್, ಅದಕ್ಕೇ ಹಾಕಬೇಕಾ?

ಗಾಂಧಿಬಜಾರ್_ಗುರು

ಬ್ರೆಡ್‌ಗೆ. ಅದಕ್ಕೋಸ್ಕರ ತಾನೇ ಅಷ್ಟು ಬೇಗ ಹಚ್ಚುವುದು.

ಲೆಕ್ಕದಮ್ಮ

ಎಲ್ಲರಿಗೂ. ನಾಳೆ ಬಿಸ್ಕತ್ತು ಮೊದಲು ಇಟ್ಟರೂ ಕಾಯಿಸಲೇಬೇಕು. ಸರದಿಯಲ್ಲಿ ಮೊದಲು ನಿಂತವನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಕಾಯಿಸುವ ಖರ್ಚಿಗೆ ಡ್ರೈವರ್ ಅಂದರೆ ದಿನಕ್ಕೆ ಎಷ್ಟು ಸಲ ಹಚ್ಚಿದಿರಿ ಅನ್ನುವುದು. ಮಧ್ಯಾಹ್ನ ಆರಿಸಿ ಸಂಜೆ ಪಫ್‌ಗೋಸ್ಕರ ಮಾತ್ರ ಮತ್ತೆ ಹಚ್ಚಿದರೆ, ಆ ಎರಡನೇ ಸಲದ್ದು ಪಫ್‌ನ ತಲೆಗೆ. ಬೆಳಗಿನದು ಎಲ್ಲಾ ಮಾಲಿಗೂ ಸೇರಿದ್ದು. ನಿಮ್ಮ 72,000ದಲ್ಲಿ ಅದರ ಗ್ಯಾಸ್ ಹೇಗೂ ಸೇರಿಕೊಂಡಿದೆ, ಆದ್ದರಿಂದ ನಿಮಿಷದ ದರದಲ್ಲೇ ಹಂಚಿ ಹೋಗಿದೆ.

ಭಟ್ಟಿಮನೆ

ಮೇಡಂ, ನಿಮ್ಮ ನಿಮಿಷದ ಲೆಕ್ಕಕ್ಕೆ ನನ್ನದೊಂದು ಪ್ರಶ್ನೆ. ನಮ್ಮಲ್ಲಿ ಗ್ಯಾಸ್ ಓವನ್ ಜೊತೆ ಹಳೆಯ ಸೌದೆ ಭಟ್ಟಿ ಇನ್ನೂ ಇದೆ. ಸಂಜೆ ಬನ್ ಎಲ್ಲಾ ತೆಗೆದ ಮೇಲೆ ಕೆಂಡ ಎಳೆದುಬಿಡುತ್ತೇವೆ. ಒಳಗಿನ ಇಟ್ಟಿಗೆ ಬಿಸಿ ಹಾಗೇ ಇರುತ್ತದೆ. ಆ ಬಿಸಿಯಲ್ಲಿ ಕತ್ತರಿಸಿದ ರಸ್ಕ್ ಟ್ರೇಗಳನ್ನು ಇಟ್ಟು ಬಾಗಿಲು ಮುಚ್ಚಿ ಮನೆಗೆ ಹೋಗುತ್ತೇವೆ. ಬೆಳಗ್ಗೆ ಬರುವಷ್ಟರಲ್ಲಿ ಗರಿಗರಿ. ಒಂದು ಸೌದೆ ತುಂಡೂ ಹಾಕಿಲ್ಲ, ಕಾಯಲು ಯಾರೂ ಇಲ್ಲ.

ನಿಮ್ಮ ಪ್ರಕಾರ ರಸ್ಕ್ ಭಟ್ಟಿಯಲ್ಲಿ ಎಂಟು ಗಂಟೆ ಇತ್ತು. ನಿಮಿಷಕ್ಕೆ 5 ರೂಪಾಯಿ ಹಾಕಿದರೆ 2,400 ರೂಪಾಯಿ. ರಸ್ಕ್ ಬಂಗಾರದ ರೇಟಿಗೆ ಮಾರಬೇಕಾಗುತ್ತದೆ!

ಪೀಣ್ಯ_ಶಿಫ್ಟ್

😂 ಈಗ ಹೇಳಿ ಮೇಡಂ.

ಲೆಕ್ಕದಮ್ಮ

ಹೇಳುತ್ತೇನೆ. ಗಡಿಯಾರದ ನಿಮಿಷ ಡ್ರೈವರ್ ಅಂತ ನಾನು ಎಲ್ಲೂ ಹೇಳಿಲ್ಲ. ಹಗಲು ಹೊತ್ತಿನಲ್ಲಿ ನಿಮಿಷ ಹಿಡಿದದ್ದು ಯಾಕೆಂದರೆ ಆ ನಿಮಿಷದಲ್ಲಿ ಗ್ಯಾಸ್ ಉರಿಯುತ್ತಿತ್ತು, ಒಬ್ಬ ನಿಂತು ನೋಡಿಕೊಳ್ಳುತ್ತಿದ್ದ, ಇನ್ನೊಂದು ಮಾಲು ಸರದಿಯಲ್ಲಿ ಕಾಯುತ್ತಿತ್ತು. ರಾತ್ರಿ ಈ ಮೂರರಲ್ಲಿ ಒಂದೂ ಇಲ್ಲ. ರಸ್ಕ್ ಇಡದಿದ್ದರೂ ಆ ಬಿಸಿ ಸುಮ್ನೆ ಆರಿ ಹೋಗುತ್ತಿತ್ತು. ಆದ್ದರಿಂದ ಆ ರಸ್ಕ್‌ಗೆ ಉರಿಯ ಖರ್ಚು ಸೊನ್ನೆ ಅಂತ ಹಾಕಬಹುದು.

ಆದರೆ ನಾಳೆ ರಸ್ಕ್‌ಗೆ ಬೇಡಿಕೆ ಬಂದು, ಹಗಲಲ್ಲಿ ಗ್ಯಾಸ್ ಓವನ್‌ನಲ್ಲೂ ಒಂದು ಸಲ ಇಟ್ಟಿರಿ ಅನ್ನಿ. ಆ ಟ್ರೇಗಳಿಗೆ ಬೇರೆ ಮಾಲಿನಂತೆಯೇ ನಿಮಿಷದ ದರ ಬೀಳುತ್ತದೆ. ಒಂದೇ ರಸ್ಕ್, ರಾತ್ರಿಯದ್ದಕ್ಕೆ ಒಂದು ಲೆಕ್ಕ, ಹಗಲಿನದ್ದಕ್ಕೆ ಇನ್ನೊಂದು.

ಗಾಂಧಿಬಜಾರ್_ಗುರು

ಒಂದೇ ರಸ್ಕ್‌ಗೆ ಎರಡು ಖರ್ಚಾ? ಐದನೇ ಸೆಮ್, ಇದನ್ನು ಪರೀಕ್ಷೆಯಲ್ಲಿ ಬರೆಯಬೇಡಮ್ಮ. ಮಾರ್ಕ್ಸ್ ಹೋಗುತ್ತದೆ.

ಐದನೇ_ಸೆಮ್

ಅಸೈನ್‌ಮೆಂಟ್‌ನಲ್ಲಿ ಬರೆಯುತ್ತೇನೆ ಸರ್, ಪರೀಕ್ಷೆಯಲ್ಲಿ ಇಲ್ಲ. ಮೊದಲು ಕೆಜಿ ಲೆಕ್ಕ, ಪಕ್ಕದಲ್ಲಿ ನಿಮಿಷದ ಲೆಕ್ಕ ಇಡುತ್ತೇನೆ. ನಮ್ಮ ಅಂಕಲ್ ಹತ್ತಿರ ಭಟ್ಟಿ ಇಲ್ಲ. ಆದರೂ ಕೊನೆಗೆ ರಸ್ಕ್ ಬಗ್ಗೆ ನಾಲ್ಕು ಸಾಲು ಬರೆಯುತ್ತೇನೆ, ಓವನ್ ಖರ್ಚು ಸೊನ್ನೆ ಅಂತ.

ಭಟ್ಟಿಮನೆ

ಪೂರ್ತಿ ಸೊನ್ನೆ ಹಾಕಬೇಡಿ ತಾಯಿ. ಬೆಳಗ್ಗೆ ಭಟ್ಟಿ ಹಚ್ಚುವ ಮೊದಲು ಆ ಟ್ರೇಗಳನ್ನು ಹೊರಗೆ ತೆಗೆಯಬೇಕು. ಅದಕ್ಕಂತಲೇ ಹುಡುಗ ನಾಲ್ಕು ಗಂಟೆಗೆ ಬರುತ್ತಾನೆ, ಉಳಿದವರು ಬರುವುದು ನಾಲ್ಕೂವರೆಗೆ. ಆ ಅರ್ಧ ಗಂಟೆಯ ಕೂಲಿ ರಸ್ಕ್‌ದೇ. ಅವನು ನನ್ನ ಹತ್ತಿರ ಬೇರೆಯಾಗಿಯೇ ತೆಗೆದುಕೊಳ್ಳುತ್ತಾನೆ.